ನೂರು ಡಾಲರ್ ಕೆಲಸ, ಕೈಗೆ ಎಷ್ಟು? ಫ್ರೀಲಾನ್ಸ್ ವೇದಿಕೆ ಆರಿಸುವ ಮೊದಲು ಮಾಡಬೇಕಾದ ಲೆಕ್ಕ

ಐದನೇ ಸೆಮ್ ಮುಗಿಯೋ ಹೊತ್ತಿಗೆ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ: "ಫ್ರೀಲಾನ್ಸ್ ಮಾಡೋಕೆ ಯಾವ ಸೈಟ್ ಒಳ್ಳೇದು ಮಗಾ?" ಉತ್ತರವೂ ಸಾಮಾನ್ಯವಾಗಿ ಒಂದೇ ಸಾಲಿನದು. "ಫೈವರ್ ಬೇಡ, 20 ಪರ್ಸೆಂಟ್ ಕಟ್ ಮಾಡ್ತಾರೆ. ಅಪ್‌ವರ್ಕ್‌ಗೆ ಹೋಗು, 10 ಅಷ್ಟೇ." ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಈ ಎರಡು ಸಂಖ್ಯೆಗಳನ್ನಷ್ಟೇ ಹಿಡಿದು ತೀರ್ಮಾನ ಮಾಡಿದರೆ ಕಡಿಮೆ ದುಡ್ಡು ಕೊಡುವ ಕಡೆಗೇ ಹೋಗಿ ನಿಲ್ಲುವ ಸಾಧ್ಯತೆ ಸಾಕಷ್ಟಿದೆ. ಯಾಕೆ ಅಂತ ಈ ಪಾಠದಲ್ಲಿ ಅಂಕಿಗಳನ್ನಿಟ್ಟು ನೋಡೋಣ.

ನಾವು ಕೇಳಬೇಕಾದ ಪ್ರಶ್ನೆ "ಕಮಿಷನ್ ಎಷ್ಟು?" ಅಲ್ಲ. ಕ್ಲೈಂಟ್ ತನ್ನ ಜೇಬಿನಿಂದ ತೆಗೆದ ಪ್ರತಿ ನೂರು ರೂಪಾಯಿಯಲ್ಲಿ ನಮ್ಮ ಬ್ಯಾಂಕ್ ಖಾತೆಗೆ ಎಷ್ಟು ಬರುತ್ತೆ, ಯಾವಾಗ ಬರುತ್ತೆ? ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಪೂಜಾರಿ ಒಬ್ಬನಲ್ಲ. ದಾರಿಯುದ್ದಕ್ಕೂ ನಾಲ್ಕು ಕಡೆ ತಟ್ಟೆ ಇಟ್ಟಿರ್ತಾರೆ.

ದುಡ್ಡು ಸೋರುವ ನಾಲ್ಕು ಜಾಗ

ಮೊದಲನೆಯದು ಕ್ಲೈಂಟ್‌ನಿಂದ ತೆಗೆದುಕೊಳ್ಳುವ ಶುಲ್ಕ. ನಾವು ನೂರು ಡಾಲರ್ ಅಂತ ಬೆಲೆ ಹೇಳಿದರೆ ಕ್ಲೈಂಟ್ ಕಟ್ಟುವುದು ನೂರಲ್ಲ, ಅದಕ್ಕಿಂತ ಹೆಚ್ಚು. ಇದು ನಮಗೆ ಕಾಣಿಸುವುದೇ ಇಲ್ಲ. ಕಟ್ಟೋದು ಅವನು ತಾನೇ ಅಂತ ನಾವು ತಲೆ ಕೆಡಿಸಿಕೊಳ್ಳೋದೂ ಇಲ್ಲ. ಆದರೆ ಅವನ ಬಜೆಟ್ ಒಟ್ಟು ಮೊತ್ತದಲ್ಲಿರುತ್ತೆ. ಶುಲ್ಕ ಹೆಚ್ಚಾದಷ್ಟೂ ನಮಗೆ ಒಪ್ಪುವ ಬೆಲೆ ಕೆಳಗಿಳಿಯುತ್ತೆ.

ಎರಡನೆಯದು ನಮ್ಮ ಬೆಲೆಯಿಂದ ಮುರಿಯುವ ಕಮಿಷನ್. ಎಲ್ಲರೂ ಮಾತಾಡುವುದು ಇದೊಂದರ ಬಗ್ಗೆ.

ಮೂರನೆಯದು ಕೆಲಸ ಹುಡುಕುವ ಖರ್ಚು. ಅಪ್‌ವರ್ಕ್‌ನಲ್ಲಿ ಪ್ರಪೋಸಲ್ ಕಳಿಸೋಕೆ `Connects` ಅನ್ನೋ ಟೋಕನ್ ಬೇಕು. ಒಂದರ ಬೆಲೆ 0.15 ಡಾಲರ್. ಒಂದು ಕೆಲಸಕ್ಕೆ ಎಷ್ಟು ಬೇಕು ಅಂತ ಆ ಜಾಬ್ ಪೋಸ್ಟ್‌ನಲ್ಲೇ ಬರೆದಿರುತ್ತೆ. ಕೆಲಸ ಸಿಗಲಿ ಬಿಡಲಿ, ಖರ್ಚಾದ ಟೋಕನ್ ಸಾಮಾನ್ಯವಾಗಿ ಹೋಯ್ತು ಅಂತಲೇ ಲೆಕ್ಕ.

ನಾಲ್ಕನೆಯದು ಪೇಔಟ್. ಇದರಲ್ಲಿ ಎರಡು ಪದರ ಇದೆ. ಹಣ ತೆಗೆಯೋಕೆ ಹಾಕುವ ಚಾರ್ಜ್ ಕಣ್ಣಿಗೆ ಕಾಣುತ್ತೆ. ಡಾಲರನ್ನು ರೂಪಾಯಿ ಮಾಡುವಾಗ ಮಾರುಕಟ್ಟೆ ದರಕ್ಕಿಂತ ಸ್ವಲ್ಪ ಕಡಿಮೆ ದರ ಕೊಟ್ಟು ಉಳಿಸಿಕೊಳ್ಳುವುದು ಕಾಣಲ್ಲ. ಎಷ್ಟೋ ಸಲ ಈ ಕಾಣದ ಪದರವೇ ದೊಡ್ಡದು.

ಮೂರು ವೇದಿಕೆ, ಮೂರು ಸ್ವಭಾವ

ನಮ್ಮವರು ಹೆಚ್ಚಾಗಿ ಹೋಗುವ ಮೂರನ್ನೇ ತಗೊಳ್ಳೋಣ.

ಅಪ್‌ವರ್ಕ್‌ನ ಕಮಿಷನ್ ಸಾಕಷ್ಟು ಸಲ ಬದಲಾಗಿದೆ. 2016ರಿಂದ ಮೆಟ್ಟಿಲು ಲೆಕ್ಕ ಇತ್ತು. ಒಬ್ಬ ಕ್ಲೈಂಟ್‌ನಿಂದ ಬಂದ ಮೊದಲ 500 ಡಾಲರ್‌ವರೆಗೆ ಶೇ. 20, ಆಮೇಲೆ 10,000 ಡಾಲರ್‌ವರೆಗೆ ಶೇ. 10, ಅದರ ಮೇಲೆ ಶೇ. 5. 2023ರ ಮೇ ತಿಂಗಳಲ್ಲಿ ಎಲ್ಲರಿಗೂ ಒಂದೇ ಶೇ. 10 ಆಯ್ತು. 2025ರ ಮೇ ತಿಂಗಳಿಂದ ಹೊಸ ಒಪ್ಪಂದಗಳಿಗೆ ಶೇ. 0ರಿಂದ 15ರ ನಡುವೆ, ಕೆಲಸದಿಂದ ಕೆಲಸಕ್ಕೆ ಬೇರೆ ಬೇರೆ. ಪ್ರಪೋಸಲ್ ಕಳಿಸುವ ಮೊದಲೇ ಆ ಕೆಲಸದ ದರ ಪರದೆ ಮೇಲೆ ಬರುತ್ತೆ, ಒಪ್ಪಂದ ಮುಗಿಯುವವರೆಗೆ ಅದೇ ಇರುತ್ತೆ. ಹಾಗಾಗಿ "ಅಪ್‌ವರ್ಕ್ ಅಂದ್ರೆ 10" ಅನ್ನುವ ಹಳೇ ವೀಡಿಯೊ ನಂಬಬೇಡಿ, ನಿಮ್ಮ ಮುಂದಿರುವ ಪರದೆ ಓದಿ. ಕ್ಲೈಂಟ್‌ನಿಂದಲೂ ಶುಲ್ಕ ಉಂಟು, ಜೊತೆಗೆ ಹೊಸ ಒಪ್ಪಂದ ಶುರುವಾದಾಗ ಒಂದು ಸಲದ ಚಾರ್ಜ್ ಬೇರೆ.

ಫೈವರ್‌ನ ಲೆಕ್ಕ ನೇರ. ಬೆಲೆಯ ಶೇ. 80 ನಿಮಗೆ, ಶೇ. 20 ಅವರಿಗೆ. ಕೊಳ್ಳುವವನಿಂದ ಶೇ. 5.5, ಸಣ್ಣ ಆರ್ಡರ್ ಆದರೆ ಅದರ ಮೇಲೆ ಇನ್ನೊಂದಿಷ್ಟು. ಇಲ್ಲಿ ನೀವು ಕೆಲಸದ ಹಿಂದೆ ಓಡೋದಿಲ್ಲ. ಅಂಗಡಿ ಇಟ್ಟು ಕೂರ್ತೀರಿ, ಗಿರಾಕಿ ಹುಡುಕಿಕೊಂಡು ಬರ್ತಾನೆ. ಹಾಗಾಗಿ ಪ್ರಪೋಸಲ್ ಖರ್ಚು ಇಲ್ಲ. ಅದರ ಬದಲು ಕಾಯುವ ಖರ್ಚು ಇದೆ.

ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ನಿಗದಿತ ಬೆಲೆಯ ಕೆಲಸಕ್ಕೆ ಶೇ. 10 ಅಥವಾ 5 ಡಾಲರ್, ಯಾವುದು ಹೆಚ್ಚೋ ಅದು. ಕ್ಲೈಂಟ್‌ಗೆ ಶೇ. 3 ಅಥವಾ 3 ಡಾಲರ್, ಅಲ್ಲೂ ಹೆಚ್ಚಿದ್ದದ್ದೇ. ಕಾಗದದ ಮೇಲೆ ಮೂರರಲ್ಲಿ ಅಗ್ಗ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಇವರು ಕಮಿಷನ್ ಮುರಿಯುವುದು ದುಡ್ಡು ಬಂದಾಗ ಅಲ್ಲ, ಪ್ರಾಜೆಕ್ಟ್ ನಿಮಗೆ ಸಿಕ್ಕು ನೀವು ಒಪ್ಪಿಕೊಂಡ ಗಳಿಗೆಯಲ್ಲಿ. ಕ್ಲೈಂಟ್ ಮಾರನೇ ದಿನ ಮಾಯವಾದರೆ ಕೆಲಸವೂ ಇಲ್ಲ, ಮೇಲೆ ನಿಮ್ಮ ಖಾತೆಯಲ್ಲಿ ಹತ್ತು ಡಾಲರ್ ಕಡಿಮೆ. ಅದಕ್ಕೇ ಒಪ್ಪುವ ಮೊದಲೇ ಮೈಲ್‌ಸ್ಟೋನ್ ಬಗ್ಗೆ ಮಾತು ಮುಗಿಸಿ. ಹಣ ಮೈಲ್‌ಸ್ಟೋನ್‌ನಲ್ಲಿ ಬಂದು ಕೂರುವವರೆಗೆ ಒಂದು ಸಾಲು ಕೋಡ್ ಕೂಡ ಬರೆಯಬೇಡಿ.

ಒಂದು ಲೆಕ್ಕ ಪೂರ್ತಿ ಮಾಡೋಣ

ಕೆ.ಆರ್. ಪುರಂ ಕಡೆ ರೂಮ್ ಮಾಡಿಕೊಂಡಿರುವ ಒಬ್ಬ ವಿದ್ಯಾರ್ಥಿನಿ ಅಂದುಕೊಳ್ಳಿ. ಒಂದೇ ಪುಟದ ವೆಬ್‌ಸೈಟ್ ಮಾಡಿಕೊಡ್ತಾಳೆ, ಬೆಲೆ 100 ಡಾಲರ್. ಲೆಕ್ಕ ಸುಲಭವಾಗಲಿ ಅಂತ ಮಾರುಕಟ್ಟೆಯಲ್ಲಿ 1 ಡಾಲರ್‌ಗೆ 90 ರೂಪಾಯಿ ಅಂತಿಟ್ಟುಕೊಳ್ಳೋಣ. ರೂಪಾಯಿ ಮಾಡುವಾಗ ಶೇ. 2 ಕಡಿಮೆ ದರ ಸಿಗುತ್ತೆ, ಅಂದರೆ 88.20. ಹಣ ತೆಗೆಯುವ ಚಾರ್ಜ್ ಎಲ್ಲ ಕಡೆ 1 ಡಾಲರ್. ಅಪ್‌ವರ್ಕ್‌ನಲ್ಲಿ ಈ ಕೆಲಸಕ್ಕೆ ತೋರಿಸಿದ ಕಮಿಷನ್ ಶೇ. 10, ಕ್ಲೈಂಟ್ ಶುಲ್ಕ ಶೇ. 5. ಇವು ನಮ್ಮ ಊಹೆಯ ಅಂಕಿಗಳು, ನಿಮ್ಮ ಪರದೆಯಲ್ಲಿ ಕಂಡದ್ದನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ. ಕ್ಲೈಂಟ್‌ನ ಒಂದು ಸಲದ ಚಾರ್ಜ್, ಸಣ್ಣ ಆರ್ಡರ್ ಚಾರ್ಜ್ ಇಲ್ಲಿ ಸೇರಿಸಿಲ್ಲ.

ಅಪ್‌ವರ್ಕ್: ನೂರರಲ್ಲಿ 10 ಹೋಗಿ 90, ಅದರಲ್ಲಿ ಪೇಔಟ್‌ಗೆ 1 ಹೋಗಿ 89. ಅದನ್ನು 88.20ರಿಂದ ಗುಣಿಸಿದರೆ 7,850 ರೂಪಾಯಿ.

ಫೈವರ್: ನೂರರಲ್ಲಿ 20 ಹೋಗಿ 80, ಆಮೇಲೆ 79. ರೂಪಾಯಿಯಲ್ಲಿ 6,968.

ಫ್ರೀಲಾನ್ಸರ್ ಡಾಟ್ ಕಾಮ್: ಅಪ್‌ವರ್ಕ್‌ನಂತೆಯೇ 89 ಡಾಲರ್, 7,850 ರೂಪಾಯಿ.

ಇಲ್ಲಿಗೇ ನಿಲ್ಲಿಸಿದರೆ ಹಾಸ್ಟೆಲ್ ಸಲಹೆ ಸರಿ. ಫೈವರ್‌ಗಿಂತ ಅಪ್‌ವರ್ಕ್‌ನಲ್ಲಿ 882 ರೂಪಾಯಿ ಹೆಚ್ಚು. ಈಗ ಮೂರನೇ ತಟ್ಟೆ ಎಣಿಸೋಣ. ಒಂದು ಪ್ರಪೋಸಲ್‌ಗೆ 12 ಟೋಕನ್ ಅಂದರೆ 1.80 ಡಾಲರ್, ನಮ್ಮ ದುಡ್ಡಲ್ಲಿ 162 ರೂಪಾಯಿ. ಪ್ರೊಫೈಲ್‌ನಲ್ಲಿ ಒಂದೂ ರಿವ್ಯೂ ಇಲ್ಲದ ಹೊಸಬಳಿಗೆ ಮೊದಲ ಪ್ರಪೋಸಲ್‌ಗೇ ಕೆಲಸ ಸಿಗೋದು ಕಷ್ಟ. ಹತ್ತು ಕಳಿಸಿದ ಮೇಲೆ ಒಂದು ಸಿಕ್ಕಿತು ಅಂದುಕೊಳ್ಳಿ. 1,620 ರೂಪಾಯಿ ಅಲ್ಲೇ ಹೋಯ್ತು. 7,850ರಲ್ಲಿ ಅದನ್ನು ಕಳೆದರೆ ಉಳಿಯೋದು 6,230. ಶೇ. 20 ಮುರಿಯುವ ಫೈವರ್‌ಗಿಂತಲೂ ಕಡಿಮೆ.

| ದಾರಿ | ಕ್ಲೈಂಟ್ ಕಟ್ಟಿದ್ದು (ರೂ.) | ಕೈಗೆ ಉಳಿದದ್ದು (ರೂ.) | ಕ್ಲೈಂಟ್‌ನ ಪ್ರತಿ ನೂರರಲ್ಲಿ |
|---|---|---|---|
| ಫ್ರೀಲಾನ್ಸರ್ ಡಾಟ್ ಕಾಮ್ | 9,270 | 7,850 | 85 |
| ಅಪ್‌ವರ್ಕ್, ಟೋಕನ್ ಖರ್ಚಿಲ್ಲದೆ | 9,450 | 7,850 | 83 |
| ಫೈವರ್ | 9,495 | 6,968 | 73 |
| ಅಪ್‌ವರ್ಕ್, ಹತ್ತು ಪ್ರಪೋಸಲ್ ಬಳಿಕ | 9,450 | 6,230 | 66 |

ಹಾಗಾದರೆ ಗೆರೆ ಎಲ್ಲಿ? ಎರಡರ ನಡುವಿನ ಅಂತರ 882, ಒಂದು ಪ್ರಪೋಸಲ್‌ಗೆ 162. ಭಾಗಿಸಿದರೆ ಐದೂವರೆ ಹತ್ತಿರ. ಐದು ಪ್ರಪೋಸಲ್ ಒಳಗೆ ಒಂದು ಕೆಲಸ ಹಿಡಿಯೋಕೆ ಆಗುತ್ತೆ ಅನ್ನುವವರಿಗೆ ಅಪ್‌ವರ್ಕ್ ಲಾಭ, ಆರು ದಾಟಿದರೆ ಫೈವರ್. ಇದು ನೂರು ಡಾಲರ್ ಕೆಲಸದ ಗೆರೆ. ಕೆಲಸ 300 ಡಾಲರ್‌ದಾದರೆ ಕಮಿಷನ್ ಅಂತರ ಮೂರು ಪಟ್ಟಾಗುತ್ತೆ, ಟೋಕನ್ ಸಂಖ್ಯೆ ಅಷ್ಟೇ ಇದ್ದರೆ ಗೆರೆ ಹದಿನಾರರವರೆಗೆ ಹೋಗುತ್ತೆ. ಅಂದರೆ ಒಬ್ಬ ಕ್ಲೈಂಟ್‌ನಿಂದ ದೊಡ್ಡ ಕೆಲಸ ಅಥವಾ ಪದೇ ಪದೇ ಕೆಲಸ ಬರುವ ಜಾತಿಯದಾದರೆ ಪ್ರಪೋಸಲ್ ಖರ್ಚು ತಡೆದುಕೊಳ್ಳುತ್ತೆ. ಚಿಲ್ಲರೆ ಕೆಲಸಕ್ಕೆ ತಡೆಯಲ್ಲ. ಹಾಗಾಗಿ ಮೊದಲ ತಿಂಗಳು ಎಷ್ಟು ಪ್ರಪೋಸಲ್ ಕಳಿಸಿದಿರಿ, ಎಷ್ಟು ಕೆಲಸ ಬಂತು ಅಂತ ಬರೆದಿಡಿ. ಕಮಿಷನ್‌ಗಿಂತ ದೊಡ್ಡ ಸುದ್ದಿ ಹೇಳೋದು ಆ ಒಂದು ಸಂಖ್ಯೆ.

ಪ್ರತಿ ಸಲ ಕ್ಯಾಲ್ಕುಲೇಟರ್ ಹಿಡಿಯೋದು ಬೇಡ ಅನ್ನುವವರಿಗೆ ಮೇಲಿನ ಲೆಕ್ಕವೇ ಪೈಥಾನ್‌ನಲ್ಲಿ:

```python
def in_hand(price, cut, payout, bids, bid_cost, rate, gap):
    left = price * (1 - cut) - payout
    return left * rate * (1 - gap) - bids * bid_cost * rate

print(in_hand(100, 0.10, 1, 10, 1.80, 90, 0.02))
print(in_hand(100, 0.20, 1, 0, 0, 90, 0.02))
```

ಮೊದಲ ಸಾಲು ಅಪ್‌ವರ್ಕ್‌ದು, 6229.8 ಬರುತ್ತೆ. ಎರಡನೆಯದು ಫೈವರ್, 6967.8. ಇದರಲ್ಲಿ `gap` ಅಂದರೆ ದರದಲ್ಲಿ ಕದ್ದುಮುಚ್ಚಿ ಹೋಗುವ ಪಾಲು.

ಸಣ್ಣ ಕೆಲಸಕ್ಕೆ ನಿಗದಿತ ಚಾರ್ಜೇ ಶತ್ರು

ಈಗ ಅದೇ ಹುಡುಗಿ 20 ಡಾಲರ್‌ಗೆ ಒಂದು ಲೋಗೊ ಮಾಡಿದಳು ಅನ್ನಿ. ಅಪ್‌ವರ್ಕ್‌ನಲ್ಲಿ 2 ಡಾಲರ್ ಕಮಿಷನ್, 1 ಪೇಔಟ್, ಉಳಿದದ್ದು 17. ಒಂದೇ ಪ್ರಪೋಸಲ್‌ಗೆ ಕೆಲಸ ಸಿಕ್ಕರೂ 1.80 ಹೋಗಿ 15.20. ಫೈವರ್‌ನಲ್ಲಿ 15. ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ಶೇ. 10 ಅಂದರೆ 2 ಡಾಲರ್, ಆದರೆ ಕನಿಷ್ಠ 5 ಅನ್ನುವ ನಿಯಮ ಇದೆಯಲ್ಲ, ಹಾಗಾಗಿ ಉಳಿದದ್ದು 15. ಹೆಸರಿಗೆ ಶೇ. 10, ನಿಜಕ್ಕೆ ಶೇ. 25. ಅದನ್ನೂ ತೆಗೆಯೋಕಾಗಲ್ಲ, ಯಾಕೆಂದರೆ ಅಲ್ಲಿ 30 ಡಾಲರ್ ಸೇರುವವರೆಗೆ ಹಣ ಹೊರಗೆ ಬರಲ್ಲ.

ಪರಿಹಾರ ಸರಳ. ಪೇಔಟ್ ಚಾರ್ಜ್ ಮೊತ್ತದ ಮೇಲಲ್ಲ, ಸಲದ ಮೇಲೆ ಇದ್ದಾಗ ಪ್ರತಿ ಕೆಲಸಕ್ಕೂ ಹಣ ತೆಗೆಯಬೇಡಿ. 20 ಡಾಲರ್‌ನಂತೆ ಐದು ಸಲ ತೆಗೆದರೆ ಐದು ಡಾಲರ್ ಹೋಗುತ್ತೆ, ನೂರು ಸೇರಿದ ಮೇಲೆ ಒಂದೇ ಸಲ ತೆಗೆದರೆ ಒಂದು. ಬಹಳ ವೇದಿಕೆಗಳಲ್ಲಿ ಇಂತಿಷ್ಟು ಸೇರಿದ ಮೇಲೆ ಮಾತ್ರ ಕಳಿಸು ಅಂತ ಸೆಟ್ಟಿಂಗ್‌ನಲ್ಲೇ ಹೇಳಬಹುದು.

ಪೇಔಟ್: ದರದಲ್ಲಿ ಎಷ್ಟು ಹೋಯ್ತು ಅಂತ ಕಂಡುಹಿಡಿಯುವುದು

ಅಪ್‌ವರ್ಕ್‌ನಿಂದ ನೇರ ಭಾರತದ ಬ್ಯಾಂಕ್ ಖಾತೆಗೆ ಕಳಿಸುವ ದಾರಿ `Direct to Local Bank`. ಪ್ರತಿ ಸಲಕ್ಕೆ 0.99 ಡಾಲರ್. ವೈರ್ ಟ್ರಾನ್ಸ್‌ಫರ್ ಆದರೆ 50 ಡಾಲರ್, ನಮ್ಮಂಥವರು ಆ ಕಡೆ ನೋಡಲೇಬೇಡಿ. ಪೇಪಾಲ್, ಪೇಯೋನಿಯರ್ ದಾರಿಗಳೂ ಇವೆ. ಇವುಗಳಲ್ಲಿ ಯಾವುದು ಅಗ್ಗ ಅಂತ ಚಾರ್ಜ್ ಪಟ್ಟಿ ಮಾತ್ರ ನೋಡಿದರೆ ಗೊತ್ತಾಗಲ್ಲ. ದರ ನೋಡಬೇಕು.

ವಿಧಾನ ಹೀಗೆ. ಖಾತೆಗೆ ಬಂದ ರೂಪಾಯಿಯನ್ನು, ಚಾರ್ಜ್ ಕಳೆದು ಉಳಿದ ಡಾಲರ್‌ನಿಂದ ಭಾಗಿಸಿ. ಬಂದದ್ದು ನಿಮಗೆ ನಿಜವಾಗಿ ಸಿಕ್ಕ ದರ. ಆ ದಿನದ ರೆಫರೆನ್ಸ್ ದರ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಎರಡರ ವ್ಯತ್ಯಾಸವನ್ನು ರೆಫರೆನ್ಸ್ ದರದಿಂದ ಭಾಗಿಸಿದರೆ ಕಾಣದ ಪಾಲು ಎಷ್ಟು ಶೇಕಡಾ ಅಂತ ಸಿಗುತ್ತೆ. ಉದಾಹರಣೆಗೆ 89 ಡಾಲರ್‌ಗೆ 7,690 ರೂಪಾಯಿ ಬಂತು ಅನ್ನಿ. ದರ 86.40. ಆ ದಿನ ರೆಫರೆನ್ಸ್ 90 ಇದ್ದರೆ 3.60 ಹೋಯ್ತು, ಅಂದರೆ ಶೇ. 4. ಒಂದು ಡಾಲರ್ ಪೇಔಟ್ ಚಾರ್ಜ್ ಬಗ್ಗೆ ಜಗಳ ಆಡ್ತಿದ್ದವರಿಗೆ ಇಲ್ಲಿ ಮೂರೂವರೆ ಡಾಲರ್ ಸದ್ದಿಲ್ಲದೆ ಹೋಗಿರುತ್ತೆ.

ಪೇಪಾಲ್ ಬಗ್ಗೆ ಒಂದು ಮಾತು. 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ಅವರು ನಿಲ್ಲಿಸಿದ್ದಾರೆ, ಹಾಗಾಗಿ ಇಂದಿರಾನಗರದ ಕ್ಲೈಂಟ್‌ನಿಂದ ಅದರಲ್ಲಿ ದುಡ್ಡು ತಗೊಳ್ಳೋಕಾಗಲ್ಲ. ವಿದೇಶದಿಂದ ಬಂದದ್ದು ನಿಮ್ಮ ಬ್ಯಾಂಕಿಗೆ ತಾನಾಗೇ ಹೋಗುತ್ತೆ. ಡಾಲರ್ ಏರಲಿ ಅಂತ ಅಲ್ಲಿ ಇಟ್ಟುಕೊಂಡು ಕಾಯೋಕೆ ಬರಲ್ಲ. ಯಾವ ದಿನ ಬಂತೋ ಆ ದಿನದ ಅವರ ದರವೇ ಗತಿ.

ಮೊದಲ ಪೇಔಟ್ ಸಿಕ್ಕಿಕೊಳ್ಳುವುದು ಬಹಳ ಸಲ ಹೆಸರಿನಿಂದ. ನಮ್ಮ ಕಡೆ ಇನಿಷಿಯಲ್ ಪದ್ಧತಿ ಇದೆಯಲ್ಲ, ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಪ್ಯಾನ್‌ನಲ್ಲಿ ತಂದೆ ಹೆಸರು ಪೂರ್ತಿ, ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮೊದಲಿಗೆ. ನಮಗೆ ಮೂರೂ ಒಬ್ಬರೇ ಅಂತ ಗೊತ್ತು, ಹೊರಗಿನ ಕಂಪನಿಯ ಪರಿಶೀಲನೆಗೆ ಮೂರು ಜನ. ಪ್ರೊಫೈಲ್ ಮಾಡುವಾಗಲೇ ಪ್ಯಾನ್‌ನಲ್ಲಿರುವಂತೆ ಹೆಸರು ಹಾಕಿ, ಬ್ಯಾಂಕ್ ಖಾತೆಯಲ್ಲಿ ಬೇರೆ ಇದ್ದರೆ ಕೆಲಸ ಸಿಗುವ ಮೊದಲೇ ಶಾಖೆಗೆ ಹೋಗಿ ಸರಿ ಮಾಡಿಸಿ. ಖಾತೆ ನಿಮ್ಮದೇ ಆಗಿರಬೇಕು. ಅಪ್ಪನ ಖಾತೆ, ರೂಮ್‌ಮೇಟ್ ಖಾತೆ ನಡೆಯಲ್ಲ.

ವಿದೇಶದಿಂದ ಬಂದ ಹಣಕ್ಕೆ ಬ್ಯಾಂಕು ಅಥವಾ ಪೇಔಟ್ ಕಂಪನಿ ಪರ್ಪಸ್ ಕೋಡ್ ಕೇಳುತ್ತೆ. ಸಾಫ್ಟ್‌ವೇರ್ ಕೆಲಸಕ್ಕೆ `P0802` ಸಾಮಾನ್ಯವಾಗಿ ಬಳಸುವ ಕೋಡ್. ಮನೆಯವರು ಕಳಿಸಿದ ದುಡ್ಡು ಅಂತ ಬೇರೆ ಕೋಡ್ ಆರಿಸಬೇಡಿ. ಹಣ ಬಂದದ್ದಕ್ಕೆ ಸಿಗುವ ರಸೀದಿಯನ್ನು ಎಫ್‌ಐಆರ್‌ಎ ಅಂತಾರೆ, ಪ್ರತಿಯೊಂದನ್ನೂ ಒಂದು ಫೋಲ್ಡರ್‌ಗೆ ಹಾಕಿಡಿ. ಈ ಆದಾಯ ವಿದೇಶದ್ದು ಅಂತ ತೋರಿಸಬೇಕಾಗಿ ಬಂದಾಗ ಇದೇ ದಾಖಲೆ.

ಇನ್‌ವಾಯ್ಸ್‌ನಲ್ಲಿ ಹುಡುಕಬೇಕಾದ ಎರಡು ಸಾಲು

ಮೊದಲನೆಯದು ಜಿಎಸ್‌ಟಿ. ವೇದಿಕೆ ನಮಗೆ ಕೊಡುವ ಸೇವೆಗೆ, ಅಂದರೆ ಅವರ ಶುಲ್ಕಕ್ಕೆ, ಶೇ. 18 ತೆರಿಗೆ ಸೇರಬಹುದು. ಆಗ ಶೇ. 10 ಕಮಿಷನ್ ನಿಜಕ್ಕೆ 11.8, ಶೇ. 20 ಇದ್ದದ್ದು 23.6. ತಿಂಗಳ ಇನ್‌ವಾಯ್ಸ್ ತೆಗೆದು ಆ ಸಾಲು ಇದೆಯೋ ನೋಡಿ. ಇದ್ದರೆ ಮೇಲಿನ ಕೋಡ್‌ನಲ್ಲಿ `cut` ಜಾಗಕ್ಕೆ 0.10ರ ಬದಲು 0.118 ಹಾಕಿ.

ಎರಡನೆಯದು ಟಿಡಿಎಸ್. ಆನ್‌ಲೈನ್ ವೇದಿಕೆಗಳು ಮಾರುವವರಿಗೆ ಹಣ ಕೊಡುವಾಗ ಮುರಿಯುವ ಈ ತೆರಿಗೆ ಮೊದಲು ಶೇ. 1 ಇತ್ತು, 2024ರ ಅಕ್ಟೋಬರ್ 1ರಿಂದ ಶೇ. 0.1 ಆಗಿದೆ. ಪ್ಯಾನ್ ಕೊಡದಿದ್ದರೆ ಶೇ. 5. ಐವತ್ತು ಪಟ್ಟು ವ್ಯತ್ಯಾಸ, ಒಂದು ಫಾರ್ಮ್ ತುಂಬದ್ದಕ್ಕೆ. ಕಮಿಷನ್‌ಗೂ ಇದಕ್ಕೂ ಭೇದವಿದೆ. ಕಮಿಷನ್ ಹೋದರೆ ಹೋಯ್ತು. ಟಿಡಿಎಸ್ ನಿಮ್ಮ ಪ್ಯಾನ್ ಹೆಸರಲ್ಲಿ ಜಮೆಯಾಗಿರುತ್ತೆ, ನಿಮಗೆ ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಯಾವಾಗ ಬರುತ್ತೆ?

ಪರೀಕ್ಷಾ ಶುಲ್ಕಕ್ಕೋ ಪಿಜಿ ಬಾಡಿಗೆಗೋ ನಂಬಿಕೊಂಡವರಿಗೆ ಎಷ್ಟು ಅನ್ನೋದರಷ್ಟೇ ಯಾವಾಗ ಅನ್ನೋದೂ ಮುಖ್ಯ. ಫೈವರ್‌ನಲ್ಲಿ ಕೆಲಸ ಒಪ್ಪಿಸಿದ ಮೇಲೆ ಕ್ಲೈಂಟ್ ಏನೂ ಹೇಳದಿದ್ದರೆ ಮೂರು ದಿನಕ್ಕೆ ಆರ್ಡರ್ ಮುಗಿಯುತ್ತೆ. ಆಮೇಲೆ ಹೊಸಬರಿಗೆ 14 ದಿನ ಹಣ ತಡೆ. ಅದರ ಮೇಲೆ ಬ್ಯಾಂಕಿಗೆ ಬರೋಕೆ ಎರಡು ಮೂರು ದಿನ. ಒಟ್ಟು ಮೂರು ವಾರ ಅಂತಿಟ್ಟುಕೊಳ್ಳಿ. ತಿಂಗಳ 10ಕ್ಕೆ ಕೆಲಸ ಒಪ್ಪಿಸಿದವರು 1ನೇ ತಾರೀಖಿನ ಬಾಡಿಗೆಗೆ ಆ ದುಡ್ಡು ನಂಬಬಹುದು, 20ಕ್ಕೆ ಒಪ್ಪಿಸಿದವರು ನಂಬೋಕಾಗಲ್ಲ.

ಅಪ್‌ವರ್ಕ್‌ನ ನಿಗದಿತ ಬೆಲೆಯ ಕೆಲಸದಲ್ಲಿ ಕ್ಲೈಂಟ್ ಒಪ್ಪಿದ ಮೇಲೆ ಐದು ದಿನ ತಡೆ. ಅವನು ಸುಮ್ಮನಿದ್ದರೆ 14 ದಿನಕ್ಕೆ ತಾನಾಗೇ ಬಿಡುಗಡೆ. ಆದರೆ ನೀವು ಕೆಲಸವನ್ನು ಚಾಟ್‌ನಲ್ಲಿ ಕಳಿಸಿ ಸುಮ್ಮನಾದರೆ ಈ 14 ದಿನದ ಗಡಿಯಾರ ಶುರುವಾಗಲ್ಲ. ಪೇಮೆಂಟ್ ಕೇಳುವ ಬಟನ್ ಒತ್ತಿ ಅಲ್ಲೇ ಕೆಲಸ ಒಪ್ಪಿಸಬೇಕು. ಗಂಟೆ ಲೆಕ್ಕದ ಕೆಲಸವಾದರೆ ವಾರ ಭಾನುವಾರಕ್ಕೆ ಮುಗಿದು ಹತ್ತು ದಿನದ ಮೇಲೆ ಹಣ ತೆಗೆಯೋಕೆ ಸಿಗುತ್ತೆ.

ಮೆಟ್ರೊ ದೂರದಲ್ಲಿರುವ ನಾಲ್ಕನೇ ದಾರಿ

ವೇದಿಕೆಯೇ ಬೇಡ ಅನ್ನುವ ದಾರಿಯನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಂಗೂ ನಡುವಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ನಮ್ಮ ಕಡೆಯವರಿಗೆ ಇಂದಿರಾನಗರ, ಹಲಸೂರು ಒಂದೇ ರೈಲಿನ ದೂರ. ನೂರಡಿ ರಸ್ತೆಯ ಕೆಫೆ, ಹಲಸೂರಿನ ಕ್ಲಿನಿಕ್, ಶಿವಾಜಿನಗರ ಕಡೆಯ ಬಟ್ಟೆ ಅಂಗಡಿ, ಇವರಿಗೂ ವೆಬ್‌ಸೈಟ್ ಬೇಕು. 9,000 ರೂಪಾಯಿಗೆ ಒಪ್ಪಿ ಯುಪಿಐನಲ್ಲಿ ಕೊಟ್ಟರೆ 9,000ವೂ ನಿಮ್ಮದೇ. ಪೇಮೆಂಟ್ ಗೇಟ್‌ವೇ ಲಿಂಕ್ ಕಳಿಸಿ ಕಾರ್ಡಲ್ಲಿ ತಗೊಂಡರೆ ಶೇ. 2 ಮತ್ತು ಅದರ ಮೇಲೆ ಜಿಎಸ್‌ಟಿ ಅಂತ ಲೆಕ್ಕ ಹಿಡಿದರೂ ಹೋಗೋದು 212 ರೂಪಾಯಿ.

ಹಾಗಿದ್ದ ಮೇಲೆ ಎಲ್ಲರೂ ಇದನ್ನೇ ಯಾಕೆ ಮಾಡಲ್ಲ? ವೇದಿಕೆ ತಗೊಳ್ಳುವ ಕಮಿಷನ್‌ನಲ್ಲಿ ಒಂದು ಭಾಗ ನಿಜವಾದ ಸೇವೆಗೆ ಹೋಗುತ್ತೆ. ಕೆಲಸ ಶುರುವಾಗುವ ಮೊದಲೇ ಕ್ಲೈಂಟ್‌ನ ಹಣ ತೆಗೆದಿಟ್ಟುಕೊಂಡಿರ್ತಾರೆ. ನೇರ ಕೆಲಸದಲ್ಲಿ ಆ ಕಾವಲು ಇಲ್ಲ. "ಚೆನ್ನಾಗಿದೆ, ಇನ್ನೊಂದು ಪೇಜ್ ಸೇರಿಸಿಬಿಡಿ", "ಮುಂದಿನ ವಾರ ಹಾಕ್ತೀನಿ" ಅನ್ನೋದು ಇಲ್ಲಿನ ಕಮಿಷನ್. ಆ ಕಾವಲನ್ನು ನೀವೇ ಕಟ್ಟಬೇಕು. ಶೇ. 40 ಮುಂಗಡ, ಡಿಸೈನ್ ಒಪ್ಪಿದ ಮೇಲೆ ಶೇ. 30, ಡೊಮೈನ್ ಮತ್ತು ಹೋಸ್ಟಿಂಗ್ ಪಾಸ್‌ವರ್ಡ್ ಕೈಗೆ ಕೊಡುವ ಮೊದಲು ಉಳಿದ ಶೇ. 30. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ ಅಂತ ವಾಟ್ಸಾಪ್‌ನಲ್ಲಾದರೂ ಬರೆದು "ಸರಿ" ಅನ್ನಿಸಿಕೊಳ್ಳಿ. ಮುಂಗಡ ಕೊಡಲ್ಲ ಅಂದವರು ಕೊನೆಯ ಕಂತೂ ಸುಲಭಕ್ಕೆ ಕೊಡಲ್ಲ.

ಮತ್ತೊಂದು ಎಚ್ಚರ. ಅಪ್‌ವರ್ಕ್‌ನಲ್ಲಿ ಸಿಕ್ಕ ಕ್ಲೈಂಟ್‌ನನ್ನು ಕಮಿಷನ್ ಉಳಿಸೋಕೆ ಹೊರಗೆ ಕರೆದುಕೊಂಡು ಹೋಗುವ ಹಾಗಿಲ್ಲ. ಪರಿಚಯವಾದ ಮೇಲೆ ಎರಡು ವರ್ಷ ಅಲ್ಲೇ ವ್ಯವಹಾರ ಮಾಡಬೇಕು ಅಂತ ಒಪ್ಪಂದದಲ್ಲಿದೆ. ಫೈವರ್‌ನಲ್ಲೂ ಹೊರಗಿನ ಪಾವತಿ ನಿಷಿದ್ಧ. ಸಿಕ್ಕಿಬಿದ್ದರೆ ಖಾತೆ, ರಿವ್ಯೂ, ಒಳಗಿರುವ ಹಣ ಎಲ್ಲಕ್ಕೂ ಕುತ್ತು. ಮೊದಲ ಮೆಸೇಜಿನಲ್ಲೇ "ಟೆಲಿಗ್ರಾಂಗೆ ಬನ್ನಿ, ರಿಜಿಸ್ಟ್ರೇಷನ್ ಫೀ ಕಟ್ಟಿ" ಅನ್ನುವವನು ಕ್ಲೈಂಟೇ ಅಲ್ಲ, ಮೋಸಗಾರ.

ಬೆಲೆಯನ್ನು ಹಿಂದಿನಿಂದ ಕಟ್ಟುವುದು

ಇಷ್ಟೆಲ್ಲ ಲೆಕ್ಕದ ಉಪಯೋಗ ವೇದಿಕೆ ಆರಿಸೋದಕ್ಕೆ ಮಾತ್ರ ಅಲ್ಲ, ಬೆಲೆ ಹೇಳೋದಕ್ಕೂ. ಈ ಕೆಲಸಕ್ಕೆ ಕೈಗೆ 8,000 ಬರಲೇಬೇಕು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಹಿಂದಕ್ಕೆ ನಡೆಯಿರಿ. 8,000ವನ್ನು 88.20ರಿಂದ ಭಾಗಿಸಿದರೆ 90.70 ಡಾಲರ್. ಪೇಔಟ್ 1 ಸೇರಿಸಿದರೆ 91.70. ಶೇ. 10 ಕಮಿಷನ್ ಇರುವ ಕಡೆ ಇದನ್ನು 0.9ರಿಂದ ಭಾಗಿಸಿ, 102 ಡಾಲರ್ ಹೇಳಬೇಕು. ಸರಾಸರಿ ನಾಲ್ಕು ಪ್ರಪೋಸಲ್‌ಗೆ ಒಂದು ಕೆಲಸ ಸಿಗುತ್ತೆ ಅಂತಾದರೆ ಆ 648 ರೂಪಾಯಿಯನ್ನೂ ಸೇರಿಸಿ 111. ಫೈವರ್‌ನಲ್ಲಿ 0.8ರಿಂದ ಭಾಗಿಸಿ 115. ಕಮಿಷನ್ ಶೇ. 10 ಅಂತ ಬೆಲೆಗೆ ಶೇ. 10 ಕೂಡಿಸಬೇಡಿ, ಭಾಗಿಸಿ. 100ಕ್ಕೆ 10 ಕೂಡಿಸಿದ 110ರಲ್ಲಿ ಶೇ. 10 ಮುರಿದರೆ ಉಳಿಯೋದು 99, ನೂರಲ್ಲ.

ಕೊನೆಗೆ ಒಂದು ಮನೆಕೆಲಸ. ನೀವು ಸೇರಬೇಕೆಂದಿರುವ ಎರಡು ವೇದಿಕೆಗಳ ಶುಲ್ಕದ ಪುಟ ಇವತ್ತೇ ತೆರೆಯಿರಿ. ಕ್ಲೈಂಟ್ ಶುಲ್ಕ, ಕಮಿಷನ್, ಪ್ರಪೋಸಲ್ ಖರ್ಚು, ಪೇಔಟ್ ಚಾರ್ಜ್, ಹಣ ತಡೆಯುವ ದಿನಗಳು, ಈ ಐದನ್ನು ಒಂದು ಹಾಳೆಯಲ್ಲಿ ಬರೆದು ಮೇಲೆ ತಾರೀಖು ಹಾಕಿ. ಮುಂದಿನ ಸೆಮ್‌ನಲ್ಲಿ ಅದೇ ಪುಟ ಮತ್ತೆ ತೆರೆದು ನೋಡಿ, ಯಾವುದಾದರೂ ಅಂಕಿ ಬದಲಾಗಿದ್ದರೆ ಲೆಕ್ಕ ಹೊಸದಾಗಿ ಮಾಡಿ.